ಆಪ್ಷನ್ ಕೊಳ್ಳಬೇಕೋ, ಮಾರಬೇಕೋ: ಟ್ರೇಡಿಗೆ ಮುಂಚೆ ಐವಿ ರ‍್ಯಾಂಕ್ ನೋಡುವ ಕ್ರಮ

ಇನ್ಫೋಸಿಸ್ ಷೇರು 1,500 ರೂಪಾಯಿಯಲ್ಲಿದೆ ಅಂದುಕೊಳ್ಳಿ. ಸಂಜೆ ತ್ರೈಮಾಸಿಕ ಫಲಿತಾಂಶ ಬರಲಿದೆ. ಷೇರು ಏರುತ್ತದೆ ಎಂಬ ನಂಬಿಕೆಯಿಂದ ಒಬ್ಬರು 1,560ರ ಕಾಲನ್ನು 18 ರೂಪಾಯಿಗೆ ಕೊಳ್ಳುತ್ತಾರೆ. ಮರುದಿನ ಷೇರು ನಿಜಕ್ಕೂ 30 ರೂಪಾಯಿ ಏರುತ್ತದೆ. ಕಾಲ್ ಮಾತ್ರ 13ಕ್ಕೆ ಇಳಿದಿರುತ್ತದೆ. ದಿಕ್ಕು ಸರಿ, ದುಡ್ಡು ಹೋಯಿತು.

ಇಲ್ಲಿ ಯಾರೂ ಮೋಸ ಮಾಡಿಲ್ಲ. ಆ ಕಾಲ್ ಕೊಂಡಾಗಲೇ ದುಬಾರಿಯಾಗಿತ್ತು, ಅಷ್ಟೇ. ಆಪ್ಷನ್ ಬೆಲೆಯೊಳಗೆ ಮುಂದೆ ಷೇರು ಎಷ್ಟು ಅಲುಗಾಡಬಹುದು ಎಂಬ ಅಂದಾಜು ಕೂತಿರುತ್ತದೆ. ಅದನ್ನೇ ಇಂಪ್ಲೈಡ್ ವೊಲಾಟಿಲಿಟಿ ಅನ್ನುತ್ತಾರೆ, ಚಿಕ್ಕದಾಗಿ ಐವಿ. ಫಲಿತಾಂಶ ಬಂದ ಮೇಲೆ ಊಹಿಸುವುದಕ್ಕೆ ಏನೂ ಉಳಿಯುವುದಿಲ್ಲ. ಐವಿ ಕುಸಿಯುತ್ತದೆ, ಜೊತೆಗೆ ಪ್ರೀಮಿಯಂ ಕೂಡ.

ಪ್ರೀಮಿಯಂ ಅಗ್ಗವೋ ದುಬಾರಿಯೋ ಎಂದು ಮೊದಲೇ ಅಳೆಯಲು ಬಳಸುವ ಒಂದು ಅಳತೆ ಐವಿ ರ‍್ಯಾಂಕ್. ಲೆಕ್ಕ ಸುಲಭ. ಅದನ್ನು ಎಲ್ಲಿ ನಂಬಬೇಕು, ಎಲ್ಲಿ ನಂಬಬಾರದು ಅನ್ನುವುದು ಕಷ್ಟ. ಕಾಲ್, ಪುಟ್, ಸ್ಟ್ರೈಕ್, ಎಕ್ಸ್‌ಪೈರಿ ಗೊತ್ತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅವು ಗೊತ್ತಿಲ್ಲದಿದ್ದರೆ ಮೊದಲು ಅವನ್ನು ಕಲಿತು ಬನ್ನಿ.

## ರ‍್ಯಾಂಕ್ ಹೇಳುವುದೇನು

ಒಂದು ಷೇರಿನ ಐವಿ 38 ಎಂದರೆ ಅದು ಜಾಸ್ತಿಯೋ ಕಡಿಮೆಯೋ? ಬರೀ ಆ ಅಂಕಿಯಿಂದ ಹೇಳಲು ಆಗುವುದಿಲ್ಲ. ನಿಫ್ಟಿಗೆ 38 ಬಂದರೆ ಮಾರುಕಟ್ಟೆಯಲ್ಲಿ ಗಾಬರಿ ಎದ್ದಿದೆ ಎಂದರ್ಥ. ಒಂದು ಚುರುಕಿನ ಮಿಡ್‌ಕ್ಯಾಪ್ ಷೇರಿಗೆ ಅದು ಸಾಮಾನ್ಯ ದಿನವೇ ಇರಬಹುದು. ಹಾಗಾಗಿ ಪ್ರತಿ ಷೇರನ್ನೂ ಅದರದೇ ಕಳೆದ ಒಂದು ವರ್ಷದ ಜೊತೆ ಹೋಲಿಸಬೇಕು. ವರ್ಷದ ಅತಿ ಕಡಿಮೆ ಐವಿ 0, ಅತಿ ಹೆಚ್ಚು 100. ಇವತ್ತಿನದು ಆ ಎರಡರ ನಡುವೆ ಎಲ್ಲಿ ನಿಂತಿದೆ?

```
IV Rank = (ಇಂದಿನ IV - ವರ್ಷದ ಕನಿಷ್ಠ IV) / (ವರ್ಷದ ಗರಿಷ್ಠ IV - ವರ್ಷದ ಕನಿಷ್ಠ IV) * 100
```

ನಮ್ಮ ಉದಾಹರಣೆಯ ಷೇರಿಗೆ ಇಂದಿನ ಐವಿ 38, ವರ್ಷದ ಕನಿಷ್ಠ 18, ಗರಿಷ್ಠ 42 ಎಂದಿಟ್ಟುಕೊಳ್ಳೋಣ. 38ರಲ್ಲಿ 18 ಕಳೆದರೆ 20. 42ರಲ್ಲಿ 18 ಕಳೆದರೆ 24. ಇಪ್ಪತ್ತನ್ನು ಇಪ್ಪತ್ನಾಲ್ಕರಿಂದ ಭಾಗಿಸಿದರೆ ರ‍್ಯಾಂಕ್ ಸುಮಾರು 83.

ರೂಢಿಯ ಸೂತ್ರ ಹೀಗಿದೆ: 50ಕ್ಕಿಂತ ಮೇಲಿದ್ದರೆ ಮಾರುವ ಕಡೆ ಯೋಚಿಸು, 25ಕ್ಕಿಂತ ಕೆಳಗಿದ್ದರೆ ಕೊಳ್ಳುವ ಕಡೆ. ಅಮೆರಿಕದ ಆಪ್ಷನ್ ಟ್ರೇಡರ್‌ಗಳಿಂದ ನಮ್ಮಲ್ಲಿಗೂ ಬಂದ ಲೆಕ್ಕ ಇದು. ಈ ಗಡಿಗಳಲ್ಲಿ ಪವಿತ್ರವಾದದ್ದು ಏನೂ ಇಲ್ಲ. 48 ಮತ್ತು 52ರ ನಡುವೆ ಮಾರುಕಟ್ಟೆಗೆ ಯಾವ ವ್ಯತ್ಯಾಸವೂ ತಿಳಿಯುವುದಿಲ್ಲ. ಮೇಲಾಗಿ, ಪ್ರೀಮಿಯಂ ಅದರ ಹಳೆಯ ಬೆಲೆಗಿಂತ ದುಬಾರಿಯೇ ಅನ್ನುವುದನ್ನು ಮಾತ್ರ ರ‍್ಯಾಂಕ್ ಹೇಳುತ್ತದೆ. ಮುಂದೆ ಬರಲಿರುವ ಅಲುಗಾಟಕ್ಕೆ ಹೋಲಿಸಿದರೆ ದುಬಾರಿಯೇ ಅನ್ನುವುದು ಬೇರೆಯೇ ಪ್ರಶ್ನೆ. ಲಾಭ ನಷ್ಟ ತೀರ್ಮಾನವಾಗುವುದು ಈ ಎರಡನೆಯ ಪ್ರಶ್ನೆಯಲ್ಲಿ.

## ಹಂತ 1: ಸರಿಯಾದ ಐವಿ ತೆಗೆದುಕೊಳ್ಳಿ

ನಿಫ್ಟಿಗೆ ಕೆಲಸ ಸುಲಭ. ಎನ್‌ಎಸ್‌ಇ ಪ್ರಕಟಿಸುವ ಇಂಡಿಯಾ ವಿಕ್ಸ್ ಸೂಚ್ಯಂಕ ನಿಫ್ಟಿ ಆಪ್ಷನ್‌ಗಳ ಬೆಲೆಯಿಂದಲೇ ಹುಟ್ಟುತ್ತದೆ. ಅದರ ಹಳೆಯ ದಿನವಹಿ ಅಂಕಿಗಳು ಎನ್‌ಎಸ್‌ಇ ಜಾಲತಾಣದಲ್ಲೇ ಸಿಗುತ್ತವೆ. ಒಂದು ವರ್ಷದ ಫೈಲ್ ಇಳಿಸಿಕೊಂಡರೆ ಸಾಕು.

ಒಂದೊಂದೇ ಷೇರಿಗೆ ಹೀಗೆ ಸಿದ್ಧ ಸೂಚ್ಯಂಕ ಇಲ್ಲ. ಇಲ್ಲಿ ಜನ ಪದೇ ಪದೇ ಎಡವುತ್ತಾರೆ. ಎನ್‌ಎಸ್‌ಇಯಲ್ಲಿ ಷೇರಿನ ಡೆರಿವೇಟಿವ್ ಪುಟದಲ್ಲಿ ‘Annualised Volatility’ ಎಂಬ ಅಂಕಿ ಕಾಣುತ್ತದೆ. ಅದು ಐವಿ ಅಲ್ಲ. ಷೇರು ಈಗಾಗಲೇ ಎಷ್ಟು ಅಲುಗಾಡಿದೆ ಎಂಬ ಹಿಂದಿನ ಲೆಕ್ಕ. ಐವಿ ಬೇಕಾದರೆ ಆಪ್ಷನ್ ಚೈನ್ ತೆರೆದು, ಷೇರಿನ ಈಗಿನ ಬೆಲೆಗೆ ಹತ್ತಿರದ ಸ್ಟ್ರೈಕ್‌ನಲ್ಲಿ ‘IV’ ಕಾಲಂ ನೋಡಬೇಕು. ಕಾಲ್ ಕಡೆ ಒಂದು, ಪುಟ್ ಕಡೆ ಇನ್ನೊಂದು ಅಂಕಿ ಇರುತ್ತದೆ, ಎರಡೂ ಸಾಮಾನ್ಯವಾಗಿ ಒಂದೇ ಆಗಿರುವುದಿಲ್ಲ. ಎರಡರ ಸರಾಸರಿ ಹಿಡಿಯಿರಿ.

ಒಂದು ವರ್ಷದ ಹಳೆಯ ಐವಿ ಬೇಕಾದರೆ ಸೆನ್ಸಿಬುಲ್, ಆಪ್ಸ್ಟ್ರಾದಂಥ ತಾಣಗಳನ್ನೋ ನಿಮ್ಮ ಬ್ರೋಕರ್ ಕೊಡುವ ಟೂಲನ್ನೋ ನೋಡಬಹುದು. ಬೇರೆ ಬೇರೆ ಕಡೆ ರ‍್ಯಾಂಕ್ ಸ್ವಲ್ಪ ಬೇರೆ ಬೇರೆ ಬಂದರೆ ಗಾಬರಿ ಬೇಡ. ಒಬ್ಬರು ಹತ್ತಿರದ ಎಕ್ಸ್‌ಪೈರಿಯ ಐವಿ ಹಿಡಿದಿರುತ್ತಾರೆ, ಇನ್ನೊಬ್ಬರು 30 ದಿನಕ್ಕೆ ಸರಿಹೊಂದಿಸಿರುತ್ತಾರೆ. ಆದರೆ ಇವತ್ತಿನ ಅಂಕಿ ಒಂದು ಕಡೆಯದು, ವರ್ಷದ ಕನಿಷ್ಠ ಗರಿಷ್ಠ ಇನ್ನೊಂದು ಕಡೆಯದು ಮಾಡಿಕೊಳ್ಳಬೇಡಿ. ಆಗ ಬರುವ ಉತ್ತರಕ್ಕೆ ಅರ್ಥವೇ ಇರುವುದಿಲ್ಲ.

ಇನ್ನೆರಡು ಎಚ್ಚರಿಕೆ. ವಹಿವಾಟೇ ಇಲ್ಲದ ಸ್ಟ್ರೈಕ್‌ನ ಐವಿ ಯಾವಾಗಲೋ ನಡೆದ ಹಳೆಯ ಬೆಲೆಯಿಂದ ಬಂದಿರಬಹುದು. ಬಿಡ್ ಮತ್ತು ಆಸ್ಕ್ ನಡುವೆ ದೊಡ್ಡ ಕಂದಕ ಕಂಡರೆ ಆ ಅಂಕಿಯನ್ನು ನಂಬಬೇಡಿ. ಎಕ್ಸ್‌ಪೈರಿಗೆ ಒಂದೆರಡು ದಿನ ಉಳಿದಾಗಲೂ ಐವಿ ಹುಚ್ಚಾಪಟ್ಟೆ ಕುಣಿಯುತ್ತದೆ. ಆಗ ಮುಂದಿನ ತಿಂಗಳ ಎಕ್ಸ್‌ಪೈರಿ ನೋಡುವುದು ಒಳ್ಳೆಯದು.

## ಹಂತ 2: ರ‍್ಯಾಂಕ್ ಜೊತೆ ಪರ್ಸೆಂಟೈಲ್ ಕೂಡ ಲೆಕ್ಕ ಹಾಕಿ

ಶೀಟ್‌ನ ಬಿ ಕಾಲಂನಲ್ಲಿ 250 ದಿನದ ಐವಿ ಹಾಕಿ. ಹಳೆಯದು ಮೇಲೆ, ಇವತ್ತಿನದು ಕೊನೆಯಲ್ಲಿ. ಆಮೇಲೆ ಈ ಎರಡು ಸಾಲು ಸಾಕು:

```
=(B251-MIN(B2:B251))/(MAX(B2:B251)-MIN(B2:B251))*100
=COUNTIF(B2:B250,"<"&B251)/COUNT(B2:B250)*100
```

ಮೊದಲನೆಯದು ರ‍್ಯಾಂಕ್. ಎರಡನೆಯದು ಪರ್ಸೆಂಟೈಲ್. ಅಂದರೆ ಕಳೆದ ವರ್ಷದಲ್ಲಿ ನೂರಕ್ಕೆ ಎಷ್ಟು ದಿನ ಐವಿ ಇವತ್ತಿಗಿಂತ ಕಡಿಮೆ ಇತ್ತು ಎಂಬುದು.

ಎರಡೂ ಯಾಕೆ ಬೇಕು ಎಂದರೆ, ರ‍್ಯಾಂಕ್ ನಿಂತಿರುವುದು ವರ್ಷದ ಎರಡೇ ಎರಡು ದಿನಗಳ ಮೇಲೆ. ಅದರಲ್ಲಿ ಒಂದು ದಿನ ವಿಪರೀತವಾಗಿದ್ದರೆ ಇಡೀ ಅಳತೆಯೇ ಹಿಗ್ಗಿಹೋಗುತ್ತದೆ. 2020ರಲ್ಲಿ ಇದೇ ಆಯಿತು. ಕೋವಿಡ್ ಗಾಬರಿಯಲ್ಲಿ ಮಾರ್ಚ್ ಕೊನೆಯ ಹೊತ್ತಿಗೆ ಇಂಡಿಯಾ ವಿಕ್ಸ್ 80 ದಾಟಿತು. ಅದೇ ವರ್ಷದ ಆರಂಭದಲ್ಲಿ ಅದು 10–11ರ ಆಸುಪಾಸಿನಲ್ಲಿತ್ತು. ಆ ವರ್ಷದ ಅಕ್ಟೋಬರಿನಲ್ಲಿ ವಿಕ್ಸ್ 22 ಇದ್ದ ದಿನ ರ‍್ಯಾಂಕ್ ಲೆಕ್ಕ ಹಾಕಿದರೆ 16ರ ಹತ್ತಿರ ಬರುತ್ತದೆ. ‘ಅಗ್ಗ, ಕೊಳ್ಳಿ’ ಅನ್ನುವಂಥ ಅಂಕಿ. ಆದರೆ ಹಿಂದಿನ ಅಕ್ಟೋಬರಿನಿಂದ ಫೆಬ್ರವರಿವರೆಗಿನ ಬಹುತೇಕ ದಿನಗಳಲ್ಲಿ ವಿಕ್ಸ್ ಅದಕ್ಕಿಂತ ಕಡಿಮೆ ಇತ್ತು. ಪರ್ಸೆಂಟೈಲ್ ನೋಡಿದವರಿಗೆ ಇದಕ್ಕಿಂತ ಬಹಳ ಮೇಲಿನ ಅಂಕಿ ಕಾಣುತ್ತಿತ್ತು. ಅಗ್ಗ ಅನ್ನಲು ಆಗದ ಬೆಲೆ ಅದು. ಮಾರ್ಚ್‌ನ ಆ ಶಿಖರ ಲೆಕ್ಕದಿಂದ ಹೊರಗೆ ಹೋಗಲು ಪೂರ್ತಿ ಒಂದು ವರ್ಷ ಬೇಕಾಯಿತು.

ನನ್ನ ರೂಢಿ ಇಷ್ಟು: ಎರಡೂ ಒಂದೇ ಕಡೆ ತೋರಿಸಿದರೆ ಮುಂದೆ ಹೋಗುತ್ತೇನೆ. ರ‍್ಯಾಂಕ್ 20, ಪರ್ಸೆಂಟೈಲ್ 60 ಎಂದು ಎದುರುಬದುರು ನಿಂತರೆ ಒಂದು ವರ್ಷದ ಐವಿ ಗ್ರಾಫ್ ತೆಗೆದು ಕಣ್ಣಲ್ಲಿ ನೋಡುತ್ತೇನೆ. ಒಂಟಿ ಶಿಖರವೊಂದು ಅಲ್ಲಿ ಇದ್ದೇ ಇರುತ್ತದೆ. ಆಗ ಪರ್ಸೆಂಟೈಲ್ ಮಾತು ಕೇಳುವುದು ವಾಸಿ.

## ಹಂತ 3: ಯಾಕೆ ಹೀಗಿದೆ ಎಂದು ಕೇಳಿ

ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ ಮಲ್ಲಿಗೆ ದರ ಏರಿರುತ್ತದೆ, ಹಬ್ಬ ಮುಗಿದ ಮೇಲೆ ಇಳಿಯುತ್ತದೆ. ಅದು ಎಲ್ಲರಿಗೂ ಗೊತ್ತು. ಗೊತ್ತಿದೆ ಎಂಬ ಒಂದೇ ಕಾರಣಕ್ಕೆ ಅದರಲ್ಲಿ ಸುಲಭ ಲಾಭ ಇಲ್ಲ. ಫಲಿತಾಂಶದ ಮುಂಚಿನ ಐವಿಯೂ ಹೀಗೆಯೇ.

ಆದ್ದರಿಂದ ರ‍್ಯಾಂಕ್ ಜಾಸ್ತಿ ಕಂಡಾಗ ಮೊದಲು ಕ್ಯಾಲೆಂಡರ್ ತೆಗೆಯಿರಿ. ನೀವು ಆರಿಸಿರುವ ಎಕ್ಸ್‌ಪೈರಿಯ ಒಳಗೆ ಕಂಪನಿ ಫಲಿತಾಂಶ, ಬಜೆಟ್, ಆರ್‌ಬಿಐ ನೀತಿ, ಚುನಾವಣೆ ಎಣಿಕೆ, ಕೋರ್ಟ್ ತೀರ್ಪು ಏನಾದರೂ ಇದೆಯೇ? ಇದ್ದರೆ ಐವಿ ಏರಿರುವುದಕ್ಕೆ ಕಾರಣ ಸಿಕ್ಕಿತು. ಆಗ ಬರೀ ರ‍್ಯಾಂಕ್ ನೋಡಿ ಮಾರುವ ಹಾಗಿಲ್ಲ, ಮುಂದಿನ ಹಂತದ ಲೆಕ್ಕ ಕಡ್ಡಾಯ. ಏನೂ ಇಲ್ಲದೆ, ಮೊನ್ನೆ ನಡೆದುಹೋದ ಗಾಬರಿಯ ಬಾಲವಾಗಿ ಮಾತ್ರ ಐವಿ ಮೇಲಿದ್ದರೆ ಮಾರುವವರಿಗೆ ಪರಿಸ್ಥಿತಿ ಹೆಚ್ಚು ಅನುಕೂಲ.

ಇನ್ನೊಂದು ಸೂಕ್ಷ್ಮ ಇದೆ. ಇಂಡಿಯಾ ವಿಕ್ಸ್ ಮುಂದಿನ 30 ದಿನವನ್ನು ಮಾತ್ರ ನೋಡುತ್ತದೆ. 2024ರ ಲೋಕಸಭೆ ಚುನಾವಣೆಯ ಮತ ಎಣಿಕೆ ಜೂನ್ 4ಕ್ಕೆ ನಿಗದಿಯಾಗಿತ್ತು. ಏಪ್ರಿಲ್ 23ರಂದು ವಿಕ್ಸ್ 10ರ ಹತ್ತಿರಕ್ಕೆ ಬಿತ್ತು. ಇಷ್ಟು ದೊಡ್ಡ ಚುನಾವಣೆ ಎದುರಿಗಿದ್ದರೂ ಭಯವೇ ಇಲ್ಲವಲ್ಲ ಎಂದು ಹಲವರಿಗೆ ಅಚ್ಚರಿ. ಆದರೆ ಅವತ್ತಿನಿಂದ 30 ದಿನ ಎಣಿಸಿದರೆ ಮೇ 23. ಮತ ಎಣಿಕೆ ಆ ಕಿಟಕಿಯ ಒಳಗೇ ಇರಲಿಲ್ಲ. ಮೇ ಮೊದಲ ವಾರದಲ್ಲಿ ಜೂನ್ 4 ಒಳಗೆ ಬಂತು. ಆ ತಿಂಗಳಿಡೀ ವಿಕ್ಸ್ ಏರುತ್ತಾ ಹೋಗಿ ಕೊನೆಗೆ 24 ದಾಟಿತು. ಏರಿಕೆಗೆ ಬೇರೆ ಕಾರಣಗಳೂ ಇದ್ದವು, ಆದರೆ ಈ ಕಿಟಕಿಯ ಲೆಕ್ಕ ಗೊತ್ತಿದ್ದವರಿಗೆ ಅದು ಅಷ್ಟು ಆಶ್ಚರ್ಯ ತರಲಿಲ್ಲ.

ಅಂದರೆ ಜೂನ್ ಎಕ್ಸ್‌ಪೈರಿ ಕೊಳ್ಳುವವರು ಏಪ್ರಿಲ್‌ನಲ್ಲಿ ವಿಕ್ಸ್ ರ‍್ಯಾಂಕ್ ನೋಡಿ ‘ಅಗ್ಗ’ ಎಂದು ತೀರ್ಮಾನಿಸುವ ಹಾಗಿರಲಿಲ್ಲ. ಜೂನ್ ಆಪ್ಷನ್‌ಗಳಲ್ಲಿ ಚುನಾವಣೆಯ ಬೆಲೆ ಸೇರಿರುತ್ತದೆ. ನೀವು ಯಾವ ಎಕ್ಸ್‌ಪೈರಿ ಟ್ರೇಡ್ ಮಾಡುತ್ತೀರೋ ಅದರದೇ ಐವಿ ನೋಡಿ.

## ಹಂತ 4: ಐವಿಯನ್ನು ರೂಪಾಯಿಗೆ ತಿರುಗಿಸಿ

ಎಲ್ಲಾ ಹಂತಗಳಲ್ಲಿ ನನಗೆ ಮುಖ್ಯ ಅನ್ನಿಸುವುದು ಇದೇ, ಜನ ಬಿಟ್ಟುಬಿಡುವುದೂ ಇದನ್ನೇ.

ಈವೆಂಟ್ ಇಲ್ಲದಿದ್ದರೆ ಲೆಕ್ಕ ಚಿಕ್ಕದು. ಐವಿಯನ್ನು 16ರಿಂದ ಭಾಗಿಸಿದರೆ ಮಾರುಕಟ್ಟೆ ದಿನಕ್ಕೆ ಎಷ್ಟು ಪರ್ಸೆಂಟ್ ಅಲುಗಾಟ ನಿರೀಕ್ಷಿಸುತ್ತಿದೆ ಎಂದು ಅಂದಾಜು ಸಿಗುತ್ತದೆ. ವರ್ಷಕ್ಕೆ ಸುಮಾರು 250 ವಹಿವಾಟಿನ ದಿನ, ಅದರ ವರ್ಗಮೂಲ 16ರ ಹತ್ತಿರ, ಅದಕ್ಕೇ ಈ ಸಂಖ್ಯೆ. ನಿಫ್ಟಿ ಐವಿ 16 ಇದ್ದರೆ ದಿನಕ್ಕೆ ಸುಮಾರು 1 ಪರ್ಸೆಂಟ್. ಈಗ ಕಳೆದ 20 ದಿನ ನಿಫ್ಟಿ ನಿಜವಾಗಿ ಎಷ್ಟು ಅಲುಗಾಡಿದೆ ನೋಡಿ. ದಿನದ ಏರಿಳಿತ ಪರ್ಸೆಂಟ್‌ಗಳ ಸ್ಟ್ಯಾಂಡರ್ಡ್ ಡೀವಿಯೇಷನ್ ತೆಗೆದು 16ರಿಂದ ಗುಣಿಸಿದರೆ ಐವಿಗೆ ಹೋಲಿಸಬಹುದಾದ ಅಂಕಿ ಬರುತ್ತದೆ. ಐವಿ 16, ನಿಜವಾದದ್ದು 10 ಆಗಿದ್ದರೆ ಮಾರುವವರಿಗೆ ಅಂತರ ಸಿಗುತ್ತಿದೆ. ಐವಿ 16, ನಿಜವಾದದ್ದು 18 ಆಗಿದ್ದರೆ ರ‍್ಯಾಂಕ್ 70 ಇದ್ದರೂ ಮಾರುವುದರಲ್ಲಿ ಅರ್ಥ ಇಲ್ಲ. ದುಬಾರಿ ಎಂದು ಕಾಣುವ ಪ್ರೀಮಿಯಂ ಅಲ್ಲಿ ನಿಜಕ್ಕೂ ಅಗ್ಗ.

ಈವೆಂಟ್ ಇದ್ದರೆ ಹೋಲಿಕೆ ಬೇರೆ. ಆಗ ಸ್ಟ್ರಾಡಲ್ ಬೆಲೆ ನೋಡಬೇಕು, ಅಂದರೆ ಒಂದೇ ಸ್ಟ್ರೈಕ್‌ನ ಕಾಲ್ ಮತ್ತು ಪುಟ್ ಎರಡರ ಒಟ್ಟು ಬೆಲೆ. ನಮ್ಮ ಉದಾಹರಣೆಗೆ ಬರೋಣ. ಇಲ್ಲಿನ ಬೆಲೆಗಳು ಲೆಕ್ಕಕ್ಕಾಗಿ ಹಾಕಿಕೊಂಡವು. ಷೇರು 1,500. ಗುರುವಾರ ಸಂಜೆ ಫಲಿತಾಂಶ. ಎಕ್ಸ್‌ಪೈರಿ 12 ದಿನದಾಚೆಯ ಮಂಗಳವಾರ. ಐವಿ 38. 1,500ರ ಕಾಲ್ ಮತ್ತು ಪುಟ್ ಸೇರಿ ಸುಮಾರು 82 ರೂಪಾಯಿ ಆಗುತ್ತದೆ.

ಫಲಿತಾಂಶದ ಮರುದಿನ ಐವಿ 24ಕ್ಕೆ ಇಳಿಯಿತು ಎಂದುಕೊಳ್ಳೋಣ. ಷೇರು ಕದಲದೆ 1,500ರಲ್ಲೇ ಇದ್ದರೆ ಅದೇ ಸ್ಟ್ರಾಡಲ್ 50 ರೂಪಾಯಿ ಆಗಿರುತ್ತದೆ. ಮಾರಿದವರಿಗೆ 32 ರೂಪಾಯಿ ಲಾಭ. 400ರ ಲಾಟ್ ಎಂದು ಹಿಡಿದರೆ 12,800. ಷೇರು 8 ಪರ್ಸೆಂಟ್ ಬಿದ್ದು 1,380ಕ್ಕೆ ಬಂದರೆ ಪುಟ್ ಒಂದೇ 120 ಮೀರುತ್ತದೆ. ಐವಿ ಕುಸಿದರೂ ಪ್ರಯೋಜನ ಇಲ್ಲ. ಲಾಟ್‌ಗೆ 15,500ರ ಹತ್ತಿರ ನಷ್ಟ. ಸರಿಸಮ ಆಗುವ ಜಾಗ ಎಲ್ಲಿ? ಷೇರು ಯಾವ ಕಡೆಗಾದರೂ 5 ಪರ್ಸೆಂಟ್‌ಗಿಂತ ಸ್ವಲ್ಪ ಹೆಚ್ಚು ಚಲಿಸಿದಾಗ.

ಈಗ ಕೇಳಬೇಕಾದ ಪ್ರಶ್ನೆ ಒಂದೇ. ಈ ಷೇರು ಫಲಿತಾಂಶದ ಮರುದಿನ ವಾಡಿಕೆಯಲ್ಲಿ ಎಷ್ಟು ಚಲಿಸುತ್ತದೆ? ಇನ್ಫೋಸಿಸ್‌ನ ಕೆಲವು ದಿನಗಳನ್ನು ತೆಗೆದುಕೊಳ್ಳಿ. 2023ರ ಏಪ್ರಿಲ್‌ನಲ್ಲಿ ಸುಮಾರು 9 ಪರ್ಸೆಂಟ್ ಬಿತ್ತು, ದಿನದ ಮಧ್ಯೆ ಅದಕ್ಕಿಂತ ಬಹಳ ಆಳಕ್ಕೆ ಹೋಗಿತ್ತು. ಅದೇ ಜುಲೈಯಲ್ಲಿ ಕಂಪನಿ ಮುನ್ನೋಟ ತಗ್ಗಿಸಿದಾಗ ಸುಮಾರು 8 ಬಿತ್ತು. 2024ರ ಜನವರಿಯಲ್ಲಿ ಸುಮಾರು 8 ಏರಿತು. ಆ ಜುಲೈಯಲ್ಲಿ 2ರ ಆಸುಪಾಸು ಏರಿಕೆ. ಅಕ್ಟೋಬರಿನಲ್ಲಿ 4ಕ್ಕಿಂತ ಸ್ವಲ್ಪ ಹೆಚ್ಚು ಇಳಿಕೆ. 2025ರ ಜನವರಿಯಲ್ಲಿ 6ರ ಹತ್ತಿರ ಇಳಿಕೆ.

ಎಲ್ಲಾ ತ್ರೈಮಾಸಿಕಗಳೂ ಇಲ್ಲಿಲ್ಲ, ಸಣ್ಣ ಚಲನೆಯ ದಿನಗಳೂ ಇದ್ದವು. ಆದರೂ ಈ ಆರರಲ್ಲಿ ನಾಲ್ಕು ಸಲ 5 ಪರ್ಸೆಂಟ್ ದಾಟಿದೆ. ಅಂದಮೇಲೆ 82 ರೂಪಾಯಿಯ ಸ್ಟ್ರಾಡಲ್ ದುಬಾರಿ ಎಂದು ಧೈರ್ಯವಾಗಿ ಹೇಳಲಾಗುವುದಿಲ್ಲ. ರ‍್ಯಾಂಕ್ 83 ‘ಮಾರು’ ಅನ್ನುತ್ತಿದೆ. ಷೇರಿನ ಚರಿತ್ರೆ ‘ಬೆಲೆ ಹೆಚ್ಚುಕಡಿಮೆ ಸರಿಯಾಗೇ ಇದೆ’ ಅನ್ನುತ್ತಿದೆ. ನಾನಾದರೆ ಎರಡನೆಯದನ್ನು ಕೇಳುತ್ತೇನೆ. ಯಾವ ಷೇರು ಎಂಟು ಫಲಿತಾಂಶಗಳಲ್ಲಿ ಆರೇಳು ಸಲ 2–3 ಪರ್ಸೆಂಟ್ ಮಾತ್ರ ಚಲಿಸಿ, ಆದರೂ 5 ಪರ್ಸೆಂಟ್‌ನ ಪ್ರೀಮಿಯಂ ಕೇಳುತ್ತದೋ ಅಲ್ಲಿ ಮಾರುವ ಮಾತಾಡಬಹುದು.

## ಹಂತ 5: ಮಾರುವುದಾದರೆ ಹೇಗೆ

ಹೆಚ್ಚಿನ ರ‍್ಯಾಂಕ್ ಕಂಡ ಕೂಡಲೇ ಬರೀ ಸ್ಟ್ರಾಡಲ್ ಮಾರುವುದು ಬೇಡ. ನಷ್ಟಕ್ಕೆ ಗೋಡೆ ಇರಬೇಕು. ಅದೇ ಷೇರಿನಲ್ಲಿ ಐರನ್ ಕಾಂಡರ್ ಹೀಗೆ ಕಟ್ಟಬಹುದು: 1,580ರ ಕಾಲ್ 13ಕ್ಕೆ ಮಾರಿ, 1,640ರ ಕಾಲ್ 4ಕ್ಕೆ ಕೊಳ್ಳಿ. 1,420ರ ಪುಟ್ 14ಕ್ಕೆ ಮಾರಿ, 1,360ರ ಪುಟ್ 5ಕ್ಕೆ ಕೊಳ್ಳಿ. ಕೈಗೆ ಬಂದದ್ದು 18 ರೂಪಾಯಿ, ಲಾಟ್‌ಗೆ 7,200. ಪ್ರತಿ ಕಡೆ ಸ್ಟ್ರೈಕ್‌ಗಳ ಅಂತರ 60. ಹಾಗಾಗಿ ಅತಿ ಹೆಚ್ಚು ನಷ್ಟ 42 ರೂಪಾಯಿ, ಲಾಟ್‌ಗೆ 16,800. ಎಕ್ಸ್‌ಪೈರಿಯಲ್ಲಿ ಷೇರು 1,402 ಮತ್ತು 1,598ರ ನಡುವೆ ಇದ್ದರೆ ನಷ್ಟ ಇಲ್ಲ.

ಮರುದಿನ ಬೆಳಿಗ್ಗೆ ಷೇರು ಕದಲದೆ ಐವಿ 24ಕ್ಕೆ ಇಳಿದಿದ್ದರೆ ಈ ಕಾಂಡರ್ ಬೆಲೆ 6 ರೂಪಾಯಿಯ ಹತ್ತಿರ ಇರುತ್ತದೆ. ಆಗಲೇ ಮುಚ್ಚಿದರೆ ಲಾಟ್‌ಗೆ 4,800 ಲಾಭ. 1,380ಕ್ಕೆ ಬಿದ್ದಿದ್ದರೆ ಅವತ್ತಿನ ನಷ್ಟ 6,400ರ ಆಸುಪಾಸು. ಬರೀ ಸ್ಟ್ರಾಡಲ್‌ನಲ್ಲಿ ಇದೇ ಬೀಳಿಕೆ 15,500 ತಿಂದಿತ್ತು. ಲಾಭವೂ ಅಲ್ಲಿ ಹೆಚ್ಚಿತ್ತು, ನಿಜ. ಆದರೆ ಷೇರು 15 ಪರ್ಸೆಂಟ್ ಬಿದ್ದರೆ ಕಾಂಡರ್‌ನಲ್ಲಿ 16,800ಕ್ಕೆ ನಿಲ್ಲುತ್ತದೆ, ಸ್ಟ್ರಾಡಲ್‌ನಲ್ಲಿ ನಿಲ್ಲುವುದೇ ಇಲ್ಲ.

ಕಾಗದದ ಮೇಲೆ ಕಾಣದ ಒಂದು ಖರ್ಚು ಇಲ್ಲಿದೆ. ನಾಲ್ಕು ಆಪ್ಷನ್, ಪ್ರತಿಯೊಂದರಲ್ಲೂ ಅರ್ಧ ರೂಪಾಯಿ ಬಿಡ್-ಆಸ್ಕ್‌ಗೆ ಹೋಯಿತು ಎಂದರೆ ಒಳಗೆ ಬರುವಾಗ 2 ರೂಪಾಯಿ, ಹೊರಗೆ ಹೋಗುವಾಗ 2 ರೂಪಾಯಿ. 400ರಿಂದ ಗುಣಿಸಿದರೆ 1,600. ಅಂದರೆ ಆ 4,800ರ ಮೂರನೇ ಒಂದು ಭಾಗ. ಬ್ರೋಕರೇಜು, ತೆರಿಗೆ ಬೇರೆ. ವಹಿವಾಟು ತೆಳುವಾಗಿರುವ ಷೇರುಗಳಲ್ಲಿ ಐವಿ ರ‍್ಯಾಂಕ್ ಎಷ್ಟೇ ಚೆನ್ನಾಗಿ ಕಂಡರೂ ನಾನು ಹತ್ತಿರ ಹೋಗದಿರುವುದು ಇದಕ್ಕೇ. ಲಿಮಿಟ್ ಆರ್ಡರ್ ಬಿಟ್ಟು ಬೇರೆ ಹಾಕಬೇಡಿ, ಕೊಳ್ಳಬೇಕಾದ ಆಪ್ಷನ್‌ಗಳನ್ನು ಮೊದಲು ಕೊಂಡು ಆಮೇಲೆ ಉಳಿದವನ್ನು ಮಾರಿ. ಮಾರ್ಜಿನ್ ಕೂಡ ಆಗ ಕಡಿಮೆ ಕೇಳುತ್ತದೆ.

ಗಾತ್ರದ ವಿಷಯ: ಅತಿ ಹೆಚ್ಚು ನಷ್ಟ ನಿಮ್ಮ ಟ್ರೇಡಿಂಗ್ ಹಣದ 2 ಪರ್ಸೆಂಟ್ ಮೀರಬಾರದು ಎಂದಿಟ್ಟುಕೊಂಡರೆ, 16,800ರ ನಷ್ಟಕ್ಕೆ 8.4 ಲಕ್ಷ ಇರಬೇಕು. ಒಂದೇ ಲಾಟ್‌ಗೆ! ಎರಡು ಲಕ್ಷ ಇಟ್ಟುಕೊಂಡವರು ಅಂತರವನ್ನು ಕಡಿಮೆ ಮಾಡಬೇಕು ಅಥವಾ ಈ ಟ್ರೇಡ್ ಬಿಡಬೇಕು.

ಷೇರು ಆಪ್ಷನ್‌ಗಳಲ್ಲಿ ಎಕ್ಸ್‌ಪೈರಿಯವರೆಗೆ ಕಾಯುವುದೂ ಬೇಡ. ನಮ್ಮಲ್ಲಿ ಅವು ಷೇರಿನಲ್ಲೇ ಚುಕ್ತಾ ಆಗುತ್ತವೆ. ಪುಟ್ ಮಾರಿ ಕೂತಿದ್ದು ಷೇರು ಅದರ ಸ್ಟ್ರೈಕ್‌ಗಿಂತ ಕೆಳಗೆ ಇಳಿದಿದ್ದರೆ ಪೂರ್ತಿ ಲಾಟ್ ಷೇರು ಕೊಳ್ಳಬೇಕಾಗುತ್ತದೆ. 1,420ರ ಪುಟ್ ಎಂದರೆ 5,68,000 ರೂಪಾಯಿ. ಕೊನೆಯ ದಿನಗಳಲ್ಲಿ ಮಾರ್ಜಿನ್ ಕೂಡ ಏರುತ್ತದೆ. ಫಲಿತಾಂಶಕ್ಕಾಗಿ ಮಾಡಿದ ಟ್ರೇಡ್ ಫಲಿತಾಂಶ ಬಂದ ಮರುದಿನ ಮುಗಿಯಬೇಕು.

## ಹಂತ 6: ಕೊಳ್ಳುವುದಾದರೆ ಹೇಗೆ

ಕಡಿಮೆ ರ‍್ಯಾಂಕ್‌ನ ಕಥೆ ಚಿಕ್ಕದು, ಆದರೆ ತಾಳ್ಮೆ ಪರೀಕ್ಷಿಸುವಂಥದ್ದು. ಐವಿ ಕೆಳಗಿದೆ ಎಂಬ ಕಾರಣಕ್ಕೆ ನಾಳೆ ಏರಬೇಕು ಎಂದೇನೂ ಇಲ್ಲ. 2023ರಲ್ಲಿ ಇಂಡಿಯಾ ವಿಕ್ಸ್ ತಿಂಗಳುಗಟ್ಟಲೆ 10ರಿಂದ 13ರ ನಡುವೆ ಮಲಗಿತ್ತು. ‘ಅಗ್ಗ ಇದೆ’ ಎಂದು ವಾರ ವಾರ ಸ್ಟ್ರಾಡಲ್ ಕೊಂಡವರ ಪ್ರೀಮಿಯಂ ವಾರ ವಾರ ಕರಗಿತು.

ಕೊಳ್ಳಲು ಕಡಿಮೆ ರ‍್ಯಾಂಕ್ ಜೊತೆ ಇನ್ನೊಂದು ಕಾರಣ ಬೇಕು. ಷೇರಿನ ದಿಕ್ಕಿನ ಬಗ್ಗೆ ಸ್ಪಷ್ಟ ಅಭಿಪ್ರಾಯ, ಅಥವಾ ಮಾರುಕಟ್ಟೆ ಇನ್ನೂ ಪೂರ್ತಿ ಬೆಲೆ ಕಟ್ಟಿಲ್ಲದ ಒಂದು ದಿನಾಂಕ. 45 ದಿನ ಅಥವಾ ಹೆಚ್ಚು ಉಳಿದಿರುವ ಎಕ್ಸ್‌ಪೈರಿ ಆರಿಸಿ. ಅದರಲ್ಲಿ ದಿನದ ಕರಗುವಿಕೆ ನಿಧಾನ, ಐವಿ ಏರಿದರೆ ಸಿಗುವ ಲಾಭ ಹೆಚ್ಚು. ನಮ್ಮಲ್ಲಿ ಷೇರುಗಳ ದೂರದ ತಿಂಗಳ ಆಪ್ಷನ್‌ಗಳಿಗೆ ವಹಿವಾಟು ಬಹಳ ಕಡಿಮೆ, ಹಾಗಾಗಿ ಇದು ಮುಖ್ಯವಾಗಿ ನಿಫ್ಟಿಗೆ ಹೊಂದುವ ಸಲಹೆ. ಷೇರಿನಲ್ಲಾದರೆ ಮುಂದಿನ ತಿಂಗಳಿಗೆ ತೃಪ್ತಿಪಡಬೇಕು.

ಸಮಯಕ್ಕೂ ಒಂದು ಮಿತಿ ಹಾಕಿಕೊಳ್ಳಿ. ಕೊಂಡ ದಿನದಿಂದ ಎಕ್ಸ್‌ಪೈರಿವರೆಗಿನ ಮೂರನೇ ಒಂದು ಭಾಗ ಕಳೆದರೂ ಷೇರೂ ಕದಲಿಲ್ಲ, ಐವಿಯೂ ಏರಿಲ್ಲ ಎಂದರೆ ಹೊರಬನ್ನಿ. ಈವೆಂಟ್‌ಗಾಗಿ ಐವಿ ಏರಲೆಂದು ಕೊಂಡಿದ್ದರೆ, ಈವೆಂಟ್‌ಗೆ ಮುಂಚೆಯೇ ಮಾರಿ. ಆ ರಾತ್ರಿ ಹಿಡಿದುಕೊಂಡರೆ ನೀವು ಬೇರೆ ಟ್ರೇಡ್‌ಗೆ ಕಾಲಿಟ್ಟ ಹಾಗೆ, ಅದಕ್ಕೆ ನಾಲ್ಕನೇ ಹಂತದ ಲೆಕ್ಕವನ್ನು ಹೊಸದಾಗಿ ಮಾಡಬೇಕು.

ರ‍್ಯಾಂಕ್ 25 ಮತ್ತು 50ರ ನಡುವೆ ಇದ್ದರೆ? ಆಗ ಐವಿ ನಿಮಗೆ ಏನೂ ಹೇಳುತ್ತಿಲ್ಲ. ದಿಕ್ಕಿನ ಅಭಿಪ್ರಾಯ ಇದ್ದರೆ ಒಂದು ಕಾಲ್ ಕೊಂಡು ಮೇಲಿನ ಸ್ಟ್ರೈಕ್ ಮಾರುವ ಸ್ಪ್ರೆಡ್ ಮಾಡಿ, ಐವಿಯ ಪ್ರಭಾವ ಬಹುಪಾಲು ಕಳೆದುಹೋಗುತ್ತದೆ. ಅಭಿಪ್ರಾಯ ಇಲ್ಲದಿದ್ದರೆ ಸುಮ್ನೆ ಕೂರಿ.

## ರ‍್ಯಾಂಕ್ ಕೈಕೊಡುವ ಜಾಗಗಳು

ಮೊದಲನೆಯದು, 100 ಅನ್ನುವುದು ಸೀಲಿಂಗ್ ಅಲ್ಲ. 2020ರ ಮಾರ್ಚ್ ಎರಡನೇ ವಾರದ ಆರಂಭದಲ್ಲಿ ಇಂಡಿಯಾ ವಿಕ್ಸ್ 30 ದಾಟಿತು. ಅದು ಆಗಲೇ ವರ್ಷದ ಗರಿಷ್ಠ ಮಟ್ಟ, ರ‍್ಯಾಂಕ್ 100. ಇನ್ನೆಲ್ಲಿಗೆ ಹೋದೀತು ಎಂದು ಮಾರಿದವರ ಎದುರಿಗೇ ಎರಡು ವಾರದಲ್ಲಿ ಅದು 80 ದಾಟಿತು. ಬಹುತೇಕ ಪ್ರತಿ ದಿನವೂ ರ‍್ಯಾಂಕ್ 100 ಎಂದೇ ತೋರಿಸುತ್ತಿತ್ತು, 30ಕ್ಕೂ 100, 60ಕ್ಕೂ 100. ಹೊಸ ಗರಿಷ್ಠ ಬರೆಯುತ್ತಿರುವಾಗ ಈ ಅಳತೆ ಕುರುಡು. ಐವಿ ಒಂದು ದಿನವಾದರೂ ತಿರುಗಿ ಇಳಿಯುವವರೆಗೆ ಕಾಯುವುದರಿಂದ ಸ್ವಲ್ಪ ಪ್ರೀಮಿಯಂ ಬಿಟ್ಟುಹೋಗಬಹುದು, ಹೋಗಲಿ.

ಎರಡನೆಯದು, ಹೆಚ್ಚಿನ ಐವಿ ಸರಿಯಾಗಿಯೇ ಇರಬಹುದು. 2024ರ ಮೇ ಕೊನೆಯಲ್ಲಿ ವಿಕ್ಸ್ ವರ್ಷದ ತುದಿಯಲ್ಲಿತ್ತು. ಮತಗಟ್ಟೆ ಸಮೀಕ್ಷೆ ಬಂದ ಮೇಲೆ ಜೂನ್ 3ರಂದು ನಿಫ್ಟಿ ಜಿಗಿದು ವಿಕ್ಸ್ 21ರ ಹತ್ತಿರಕ್ಕೆ ಇಳಿಯಿತು. ಭಯ ಮುಗಿಯಿತು, ಇನ್ನು ಐವಿ ಕುಸಿಯುವುದೇ ಎಂದು ಕಂಡಿತು. ಮರುದಿನ ನಿಫ್ಟಿ 5.9 ಪರ್ಸೆಂಟ್ ಬಿತ್ತು. ವಿಕ್ಸ್ ಜೂನ್ 5ರಂದು 19ರ ಕೆಳಗೆ ಬಂದದ್ದು ನಿಜ. ಐವಿ ಇಳಿಯುತ್ತದೆ ಎಂಬ ಊಹೆ ಸರಿಯಾಗಿತ್ತು, ಆದರೆ ಗೋಡೆಯಿಲ್ಲದೆ ಪುಟ್ ಮಾರಿದವರಲ್ಲಿ ಹಲವರ ಖಾತೆ ಆ ಒಂದು ದಿನವನ್ನು ದಾಟುವ ಸ್ಥಿತಿಯಲ್ಲಿರಲಿಲ್ಲ.

ಮೂರನೆಯದು ಕಡಿಮೆ ರ‍್ಯಾಂಕ್‌ನಲ್ಲಿ ಮಾರುವ ಚಟ. ಮಾರುಕಟ್ಟೆ ಶಾಂತವಾಗಿರುವಾಗ ಚಿಲ್ಲರೆ ಪ್ರೀಮಿಯಂಗೆ ದೂರದ ಸ್ಟ್ರೈಕ್ ಮಾರುತ್ತಾ ಹೋಗುವುದು ಸಲೀಸು ಅನ್ನಿಸುತ್ತದೆ. 2025ರ ಏಪ್ರಿಲ್ 4ರ ಶುಕ್ರವಾರ ವಿಕ್ಸ್ 14ರ ಕೆಳಗಿತ್ತು. ಹಿಂದಿನ ವರ್ಷದ ಚುನಾವಣೆಯ ಶಿಖರ ಇನ್ನೂ ಲೆಕ್ಕದಲ್ಲಿದ್ದುದರಿಂದ ರ‍್ಯಾಂಕ್ 25ರ ಒಳಗೇ ಇತ್ತು. ಅಮೆರಿಕದ ಸುಂಕದ ಗಾಬರಿಯಲ್ಲಿ ಸೋಮವಾರ ನಿಫ್ಟಿ 3 ಪರ್ಸೆಂಟ್‌ಗೂ ಹೆಚ್ಚು ಬಿದ್ದು, ವಿಕ್ಸ್ ಒಂದೇ ದಿನದಲ್ಲಿ 23ರ ಹತ್ತಿರಕ್ಕೆ ಏರಿತು. ಶುಕ್ರವಾರ ಮಾರಿದವರಿಗೆ ಷೇರುಪೇಟೆಯ ಬೀಳಿಕೆ ಒಂದು ಕಡೆ ಹೊಡೆದರೆ ಐವಿ ಇನ್ನೊಂದು ಕಡೆ ಹೊಡೆಯಿತು. ಆ ಅಪಾಯಕ್ಕೆ ಅವರಿಗೆ ಸಿಕ್ಕಿದ್ದು ವರ್ಷದ ಅಗ್ಗದ ಪ್ರೀಮಿಯಂಗಳಲ್ಲಿ ಒಂದು.

ಟ್ರೇಡ್ ಹಾಕುವ ಮುಂಚೆ ಇಷ್ಟನ್ನು ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಿ: ರ‍್ಯಾಂಕ್, ಪರ್ಸೆಂಟೈಲ್, ಎಕ್ಸ್‌ಪೈರಿಯೊಳಗಿನ ಈವೆಂಟ್, ಸ್ಟ್ರಾಡಲ್ ಕೇಳುವ ಚಲನೆ, ಹಿಂದೆ ನಿಜವಾಗಿ ಆದ ಚಲನೆ, ಅತಿ ಹೆಚ್ಚು ನಷ್ಟ. ಇನ್ಫೋಸಿಸ್ ಉದಾಹರಣೆಗೆ ಆ ಸಾಲು ಹೀಗಿರುತ್ತದೆ: 83, ಪರ್ಸೆಂಟೈಲ್ 90ರ ಮೇಲೆ ಎಂದಿಟ್ಟುಕೊಳ್ಳಿ, ಗುರುವಾರ ಫಲಿತಾಂಶ, 5 ಪರ್ಸೆಂಟ್, 2ರಿಂದ 9 ಪರ್ಸೆಂಟ್, 16,800. ನಾಲ್ಕನೆಯ ಮತ್ತು ಐದನೆಯ ಅಂಕಿ ಅಕ್ಕಪಕ್ಕ ಕಂಡ ಮೇಲೆ ನಾನಂತೂ ಈ ಫಲಿತಾಂಶದಲ್ಲಿ ಮಾರುವುದಿಲ್ಲ, ಕೊಳ್ಳುವುದೂ ಇಲ್ಲ. ಶುಕ್ರವಾರ ಐವಿ ಇಳಿದ ಮೇಲೆ ಷೇರಿನ ದಿಕ್ಕು ಕಂಡರೆ ಆಗ ನೋಡುತ್ತೇನೆ.